ಆಷಾಢದಿಂದ ದಸರೆಯವರೆಗಿನ ಉದ್ರಿ: ಮಾಲು ಕೊಡುವವರಿಗೆ ಸಲೂನಿನವರು ಬರೆಯುವ ಪತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಪ್ರತಿ ವರ್ಷ ಜೂನ್ ಮುಗಿಯುವ ಹೊತ್ತಿಗೆ ಸಲೂನ್ ಮತ್ತು ಬ್ಯೂಟಿ ಪಾರ್ಲರ್ ನಡೆಸುವವರು ಒಬ್ಬರಾದರೂ ಬಂದು, ಡಿಸ್ಟ್ರಿಬ್ಯೂಟರಿಗೆ ಉದ್ರಿ ವಾಯಿದೆ ಹೆಚ್ಚಿಸಿ ಕೇಳುವ ಪತ್ರ ಬರೆದುಕೊಡಿ ಎನ್ನುತ್ತಾರೆ. ಅವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಉದಾಹರಣೆಗೆ ಉದ್ದಕ್ಕೂ ಒಂದೇ ಸಲೂನನ್ನು ಇಟ್ಟುಕೊಂಡಿದ್ದೇನೆ: ಮೂರು ಕುರ್ಚಿ, ಮೂವರು ಕೆಲಸಗಾರರು, ಮದುವೆ ಸೀಸನ್ನಿನಲ್ಲಿ ಮದುಮಗಳ ಮೇಕಪ್ಪು, ಬೆಳಗಾವಿಯ ಡಿಸ್ಟ್ರಿಬ್ಯೂಟರಿಂದ ಪಾರ್ಸೆಲ್ಲಿನಲ್ಲಿ ಬರುವ ಮಾಲು, 30 ದಿನದ ಉದ್ರಿ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ದುಂಡಗೆ ಮಾಡಿದ್ದೇನೆ.

ಮೇ ತಿಂಗಳಲ್ಲಿ ಕೈತುಂಬ ಗಳಿಸಿದ ಅಂಗಡಿಗೆ ಜುಲೈನಲ್ಲಿ ರೊಕ್ಕ ಏಕೆ ಸಾಲುವುದಿಲ್ಲ?

ಸೀಸನ್ನಿನಲ್ಲಿ ತರಿಸಿದ ಮಾಲಿನ ಬಿಲ್ಲು ಸೀಸನ್ ಮುಗಿದ ಮೇಲೆ ವಾಯಿದೆಗೆ ಬರುತ್ತದೆ ಎಂಬುದೇ ಇದಕ್ಕೆ ಕಾರಣ. ಜೂನ್ 12ಕ್ಕೆ ತರಿಸಿದ ಹೇರ್ ಕಲರು, ಫೇಶಿಯಲ್ ಕಿಟ್ಟು, ವ್ಯಾಕ್ಸುಗಳ ಹಣವನ್ನು ಜುಲೈ 12ಕ್ಕೆ ಕೊಡಬೇಕು. ಅಷ್ಟರಲ್ಲಿ ಆಷಾಢ ಬಂದು ಮದುವೆಗಳು ನಿಂತಿರುತ್ತವೆ. ಹಿಂದೆಯೇ ಬರುವ ಶ್ರಾವಣದಲ್ಲಿ ನಮ್ಮ ಕಡೆ ಎಷ್ಟೋ ಗಂಡಸರು ತಿಂಗಳಿಡೀ ಕ್ಷೌರವನ್ನೇ ಮಾಡಿಸುವುದಿಲ್ಲ, ಗಣಪತಿ ಹಬ್ಬದ ನಂತರ ಪಿತೃಪಕ್ಷ ಹಿಡಿಯುತ್ತದೆ. ವ್ಯಾಪಾರ ಮತ್ತೆ ಕುದುರುವುದು ದಸರೆಯ ಹೊತ್ತಿಗೆ, ಮದುವೆಗಳು ಶುರುವಾಗುವುದು ತುಳಸಿ ಲಗ್ನದ ನಂತರ.

ನಮ್ಮ ಉದಾಹರಣೆಯ ಸಲೂನಿಗೆ ಒಳ್ಳೆಯ ತಿಂಗಳಲ್ಲಿ ₹2,00,000 ಬರುತ್ತದೆ, ಜುಲೈನಿಂದ ಸೆಪ್ಟೆಂಬರಿನವರೆಗಿನ ಮೂರು ತಿಂಗಳಲ್ಲಿ ತಿಂಗಳಿಗೆ ₹1,30,000 ಮಾತ್ರ. ಬಾಡಿಗೆ, ಪಗಾರ, ಕರೆಂಟು, ಮಶೀನಿನ ಸಾಲದ ಕಂತು, ಮನೆಖರ್ಚು ಸೇರಿ ₹1,13,000 ಹೋಗಿಯೇ ಹೋಗುತ್ತದೆ, ಏಕೆಂದರೆ ಗಿರಾಕಿ ಬಾರದಿದ್ದರೂ ಕೆಲಸಗಾರರನ್ನು ಬಿಡಲಾಗುವುದಿಲ್ಲ. ಬಿಟ್ಟರೆ ನವೆಂಬರಿನಲ್ಲಿ ಕೈಪಳಗಿದವರು ಸಿಗುವುದಿಲ್ಲ. ಉಳಿಯುವುದು ತಿಂಗಳಿಗೆ ₹17,000. ಮಾಲು ಮಾತ್ರ ಎಷ್ಟು ಕಡಿಮೆ ಮಾಡಿದರೂ ₹30,000 ಬೇಕು. ಪತ್ರ ಬರೆಯುವ ಮೊದಲು ಈ ಮೂರು ಅಂಕಿಗಳನ್ನು, ಅಂದರೆ ಬರುವುದು, ಹೋಗುವುದು ಮತ್ತು ಉಳಿಯುವುದನ್ನು, ಒಂದು ಹಾಳೆಯಲ್ಲಿ ಬರೆದುಕೊಳ್ಳದವರು ಮುಂದೆ ಕೇಳುವ ವಾಯಿದೆ ಊಹೆಯ ವಾಯಿದೆಯಾಗುತ್ತದೆ.

ಎಷ್ಟು ದಿನದ ವಾಯಿದೆ ಕೇಳಬೇಕು? ಎಲ್ಲರೂ 60 ಅಥವಾ 75 ದಿನ ಎನ್ನುತ್ತಾರೆ.

ದಿನಗಳನ್ನು ಕೇಳಬೇಡಿ, ತಾರೀಖುಗಳನ್ನು ಕೇಳಿ. ಜುಲೈ 5ರ ಬಿಲ್ಲಿಗೆ 75 ದಿನ ಎಂದರೆ ಸೆಪ್ಟೆಂಬರ್ 18. ಗಲ್ಲಾಪೆಟ್ಟಿಗೆ ಎಲ್ಲಕ್ಕಿಂತ ಖಾಲಿ ಇರುವ ದಿನಗಳಲ್ಲೇ ಆ ವಾಯಿದೆ ಬಂದು ಕೂರುತ್ತದೆ. ಕೇಳಿದ್ದು ಸಿಕ್ಕಿತು, ಆದರೆ ಕೊಡಲಾಗಲಿಲ್ಲ ಎಂಬ ಸ್ಥಿತಿ ವಾಯಿದೆ ಸಿಗದಿರುವುದಕ್ಕಿಂತ ಕೆಟ್ಟದ್ದು. ಬೆಳಗಾವಿಯಿಂದ ವಸೂಲಿಗೆ ಬರುತ್ತಿದ್ದ ಒಬ್ಬ ಸೇಲ್ಸ್‌ಮನ್ ನನ್ನೆದುರಿಗೇ ಒಬ್ಬರಿಗೆ ಹೇಳಿದ ಮಾತು ನೆನಪಿದೆ: "ಅಕ್ಕಾರ, ನೀವು ಕೊಡ್ತೀರಿ ಅಂತ ನಮ್ಮ ಸಾವಕಾರರಿಗೆ ಗೊತ್ತದರಿ. ಯಾವತ್ತು ಕೊಡ್ತೀರಿ ಅನ್ನೋದಷ್ಟ ಗೊತ್ತಾಗವಲ್ದು."

ಆದ್ದರಿಂದ ಉಳಿಯುವ ₹17,000ದಲ್ಲಿ ಎಷ್ಟನ್ನು ತಪ್ಪದೆ ಕೊಡಬಹುದೋ ಅದನ್ನು ಮೊದಲು ನಿಶ್ಚಯಿಸಿ. ನಾವು ₹15,000 ಇಟ್ಟುಕೊಂಡೆವು, ₹2,000 ಕೈಯಲ್ಲಿರಲಿ ಎಂದು. ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳ 10ನೇ ತಾರೀಖಿಗೆ ₹15,000ದಂತೆ ಒಟ್ಟು ₹45,000 ಹೋಗುತ್ತದೆ. ಇದರಲ್ಲಿ ಜೂನ್ 12ರ ₹38,000ದ ಬಿಲ್ಲು ಪೂರ್ತಿ ತೀರಿ, ಜುಲೈ 5ರ ₹30,000ದ ಬಿಲ್ಲಿಗೆ ₹7,000 ಜಮೆಯಾಗುತ್ತದೆ. ಉಳಿದ ₹23,000 ಅಕ್ಟೋಬರ್ 10ಕ್ಕೆ, ಆಗಸ್ಟ್ 5ರ ಬಿಲ್ಲು ನವೆಂಬರ್ 10ಕ್ಕೆ, ಸೆಪ್ಟೆಂಬರ್ 5ರ ಬಿಲ್ಲು ಡಿಸೆಂಬರ್ 10ಕ್ಕೆ. ಒಂದೊಂದು ಬಿಲ್ಲಿಗೂ ಕೊನೆಯ ಕಂತಿಗೆ ಸುಮಾರು 97 ದಿನ ಸಿಗುತ್ತದೆ. ಆದರೂ ಕೇಳುವವರಿಗೆ ಅದು "ಮೂರು ತಿಂಗಳು ಉದ್ರಿ" ಎಂದು ಕೇಳಿಸುವುದಿಲ್ಲ, ಪ್ರತಿ 10ಕ್ಕೂ ಏನಾದರೊಂದು ಬರುತ್ತದೆ ಎಂದು ಕೇಳಿಸುತ್ತದೆ.

ಬಾಕಿಗೆ ಮೇಲ್ಮಿತಿಯನ್ನೂ ನೀವೇ ಹಾಕಿಕೊಳ್ಳಿ. ಈ ಲೆಕ್ಕದಲ್ಲಿ ಬಾಕಿ ಅತಿ ಹೆಚ್ಚಾಗುವುದು ಸೆಪ್ಟೆಂಬರ್ 5ಕ್ಕೆ, ₹98,000. ಅಕ್ಟೋಬರಿನ ₹40,000ದ ಮಾಲನ್ನು ಎಂದಿನಂತೆ 5ಕ್ಕೆ ತರಿಸಿದರೆ ಅದು ₹1,23,000ಕ್ಕೆ ಜಿಗಿಯುತ್ತದೆ. 10ಕ್ಕೆ ಹಣ ಕೊಟ್ಟು 11ಕ್ಕೆ ತರಿಸಿದರೆ ಸರಿಯಾಗಿ ₹1,00,000ಕ್ಕೆ ನಿಲ್ಲುತ್ತದೆ. ಆರು ದಿನ ತಡೆದುಕೊಂಡರೆ ಪತ್ರದಲ್ಲಿ "ಒಂದು ಲಕ್ಷ ಮೀರುವುದಿಲ್ಲ" ಎಂದು ಧೈರ್ಯವಾಗಿ ಬರೆಯಬಹುದು.

ಪತ್ರವನ್ನು ಯಾವಾಗ ಕೊಡಬೇಕು?

ಒಂದು ಬಿಲ್ಲನ್ನು ವಾಯಿದೆಗೆ ಸರಿಯಾಗಿ ತೀರಿಸಿದ ಮರುದಿನ, ಮುಂದಿನ ಬಿಲ್ಲಿನ ವಾಯಿದೆಗೆ ಎರಡು ವಾರವಾದರೂ ಇರುವಾಗ ಕೊಡಬೇಕು. ನಮ್ಮ ಸಲೂನಿನ ಮೇ 28ರ ₹46,000ದ ಬಿಲ್ಲು ಜೂನ್ 27ಕ್ಕೆ ತೀರಬೇಕಿತ್ತು, ಮದುವೆಗಳ ಹಣದಲ್ಲಿ ಅದನ್ನು ತೀರಿಸಿ 28ಕ್ಕೆ ಪತ್ರ ಬರೆದೆವು. ವಾಯಿದೆ ದಾಟಿದ ಮೇಲೆ ಬರೆದದ್ದನ್ನು ಓದುವವರು ನೆಪವೆಂದೇ ಓದುತ್ತಾರೆ.

ಪತ್ರಕ್ಕೆ ಮೊದಲು ಖಾತೆ ತಾಳೆ ನೋಡುವುದು ಅಷ್ಟು ಮುಖ್ಯವೇ?

ಬಹಳ ಮುಖ್ಯ, ಮತ್ತು ಹೆಚ್ಚಿನವರು ಬಿಡುವುದು ಇದನ್ನೇ. "ನಿಮಗೆ ನಾನು ಇಷ್ಟು ಕೊಡಬೇಕಾಗಿದೆ" ಎಂದು ಬರೆದು ಸಹಿ ಮಾಡಿದ ಕ್ಷಣ ಆ ಪತ್ರ ಸಾಲದ ಒಪ್ಪಿಗೆಯಾಗುತ್ತದೆ. 1963ರ ಕಾಲಮಿತಿ ಕಾಯ್ದೆಯ 18ನೇ ಕಲಮಿನ ಪ್ರಕಾರ, ದಾವೆಯ ಅವಧಿ ಇನ್ನೂ ಮುಗಿಯದಿರುವಾಗ ಹೀಗೆ ಒಪ್ಪಿ ಸಹಿ ಹಾಕಿದರೆ, ಸಹಿಯ ದಿನದಿಂದ ಅವಧಿ ಹೊಸದಾಗಿ ಎಣಿಕೆಯಾಗುತ್ತದೆ. ಮಾರಿದ ಮಾಲಿನ ಹಣಕ್ಕೆ ಆ ಅವಧಿ ಮೂರು ವರ್ಷ. ಪ್ರಾಮಾಣಿಕವಾಗಿ ಕೊಡಬೇಕಾದವರಿಗೆ ಇದರಿಂದ ಭಯವಿಲ್ಲ, ಆದರೆ ಒಪ್ಪುವ ಅಂಕಿ ಸರಿಯಾಗಿರಬೇಕು.

ನಮ್ಮ ಸಲೂನಿನ ಖಾತೆಯಲ್ಲಿ ₹38,000 ಬಾಕಿ ಇದ್ದರೆ, ಡಿಸ್ಟ್ರಿಬ್ಯೂಟರ ಲೆಡ್ಜರಿನಲ್ಲಿ ₹39,150 ಇತ್ತು. ಹುಡುಕಿದಾಗ ಸಿಕ್ಕದ್ದು ಏಪ್ರಿಲಿನ ಒಂದು ಪಾರ್ಸೆಲ್ಲು: ಡೆವಲಪರ್ ಬಾಟಲಿಗಳ ಮುಚ್ಚಳ ಸಡಿಲಾಗಿ, ಪೆರಾಕ್ಸೈಡ್ ಸೋರಿ, ಕೆಳಗಿದ್ದ ಕಲರ್ ಟ್ಯೂಬುಗಳ ರಟ್ಟಿನ ಡಬ್ಬಿಗಳೆಲ್ಲ ಬಿಳಿಚಿಕೊಂಡಿದ್ದವು. ಸೇಲ್ಸ್‌ಮನ್ ಬಂದು ನೋಡಿ ಮಾಲು ವಾಪಸು ಒಯ್ದಿದ್ದರು, ಚೀಟಿಯನ್ನೂ ಕೊಟ್ಟಿದ್ದರು, ಆದರೆ ಕ್ರೆಡಿಟ್ ನೋಟು ಹಾಕುವುದು ಅವರ ಆಫೀಸಿನಲ್ಲಿ ಉಳಿದುಹೋಗಿತ್ತು. ಚೀಟಿಯ ಫೋಟೋ ಕಳಿಸಿದ ಮೂರನೇ ದಿನ ಖಾತೆ ಸರಿಯಾಯಿತು. ಇದೇ ₹1,150ರ ಜಗಳ ಪತ್ರ ಕೊಟ್ಟ ನಂತರ ಎದ್ದಿದ್ದರೆ ವಾಯಿದೆಯ ಮಾತು ಅಲ್ಲಿಗೇ ಮುರಿಯುತ್ತಿತ್ತು.

ಒಂದು ಮಾದರಿ ಪತ್ರ ತೋರಿಸುವಿರಾ?

ನಾವು ಕೊಟ್ಟ ಪತ್ರ ಹೆಚ್ಚುಕಡಿಮೆ ಹೀಗಿತ್ತು. ಸಲೂನಿನ ಲೆಟರ್‌ಹೆಡ್ಡಿನಲ್ಲಿ ಒಂದೇ ಪುಟ.

> ದಿನಾಂಕ: ಜೂನ್ 28
> ನವನಗರ, ಬಾಗಲಕೋಟೆ
>
> ಮಾಲೀಕರಿಗೆ,
> ಸೌಂದರ್ಯ ಸಾಮಗ್ರಿ ವಿತರಕರು, ಬೆಳಗಾವಿ
>
> ವಿಷಯ: ಜುಲೈನಿಂದ ಸೆಪ್ಟೆಂಬರ್‌ವರೆಗಿನ ಬಿಲ್ಲುಗಳಿಗೆ ವಾಯಿದೆ ವಿಸ್ತರಿಸುವ ಕುರಿತು
>
> ಮಾನ್ಯರೇ, ಸಾದರ ನಮಸ್ಕಾರಗಳು.
>
> ಕಳೆದ ನಾಲ್ಕು ವರ್ಷಗಳಿಂದ ನಿಮ್ಮಲ್ಲಿ 30 ದಿನದ ಉದ್ರಿಯಲ್ಲಿ ಮಾಲು ಖರೀದಿಸುತ್ತಿದ್ದೇನೆ. ಮೇ 28ರ ಬಿಲ್ಲಿನ ₹46,000ವನ್ನು ನಿನ್ನೆ ಬ್ಯಾಂಕಿನ ಮೂಲಕ ಪಾವತಿಸಿದ್ದೇನೆ. ನಾವು ತಾಳೆ ನೋಡಿದಂತೆ ಇಂದಿಗೆ ಉಳಿದಿರುವುದು ಜೂನ್ 12ರ ಬಿಲ್ಲಿನ ₹38,000 ಮಾತ್ರ.
>
> ಆಷಾಢದಿಂದ ದಸರೆಯವರೆಗೆ ನನ್ನ ಸಲೂನಿನ ವ್ಯಾಪಾರ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಈ ಅವಧಿಯಲ್ಲಿ ತಿಂಗಳಿಗೆ ₹30,000 ಮೀರದಂತೆ ಮಾಲು ತರಿಸುತ್ತೇನೆ. ಹಣವನ್ನು ಕೆಳಗಿನಂತೆ ಸ್ವೀಕರಿಸಬೇಕೆಂದು ಕೋರುತ್ತೇನೆ: ಜುಲೈ 10, ಆಗಸ್ಟ್ 10 ಮತ್ತು ಸೆಪ್ಟೆಂಬರ್ 10ಕ್ಕೆ ತಲಾ ₹15,000, ಅಕ್ಟೋಬರ್ 10ಕ್ಕೆ ₹23,000, ನವೆಂಬರ್ 10 ಮತ್ತು ಡಿಸೆಂಬರ್ 10ಕ್ಕೆ ತಲಾ ₹30,000. ಪಾವತಿಸಿದ ಹಣವನ್ನು ಹಳೆಯ ಬಿಲ್ಲಿನಿಂದ ಮೊದಲ್ಗೊಂಡು ಜಮೆ ಮಾಡಿಕೊಳ್ಳಬೇಕು.
>
> ಈ ಅವಧಿಯಲ್ಲಿ ನನ್ನ ಒಟ್ಟು ಬಾಕಿ ಯಾವ ದಿನವೂ ₹1,00,000 ಮೀರುವುದಿಲ್ಲ. ಅಕ್ಟೋಬರಿನಿಂದ ತರಿಸುವ ಹೊಸ ಮಾಲಿಗೆ ಎಂದಿನ 30 ದಿನದ ವಾಯಿದೆಯೇ ಇರಲಿ. ಯಾವುದೇ ಒಂದು ತಾರೀಖಿಗೆ ಹಣ ಬಾರದಿದ್ದರೆ, ಅದು ಸಂದಾಯವಾಗುವವರೆಗೆ ನೀವು ಮಾಲು ಕಳಿಸುವುದನ್ನು ನಿಲ್ಲಿಸಬಹುದು.
>
> ತಮಗೆ ಒಪ್ಪಿಗೆಯಿದ್ದಲ್ಲಿ ಈ ಪತ್ರದ ಪ್ರತಿಗೆ ಸಹಿ ಮತ್ತು ಶಿಕ್ಕಾ ಹಾಕಿ ಜುಲೈ 4ರೊಳಗೆ ಕಳಿಸಿಕೊಡಬೇಕೆಂದು ವಿನಂತಿ.
>
> ತಮ್ಮ ವಿಶ್ವಾಸಿ,
> (ಸಹಿ)

ಇದರಲ್ಲಿ ಕಷ್ಟದ ವರ್ಣನೆ ಒಂದೇ ವಾಕ್ಯ ಎಂಬುದನ್ನು ಗಮನಿಸಿ. ಮನೆಯವರ ಆಸ್ಪತ್ರೆ ಖರ್ಚು, ಎದುರಿಗೆ ತೆರೆದ ಹೊಸ ಸಲೂನು, ಇವನ್ನು ಬರೆದರೆ ಓದುವವರಿಗೆ ಕನಿಕರಕ್ಕಿಂತ ಹೆಚ್ಚಾಗಿ ಅನುಮಾನ ಹುಟ್ಟುತ್ತದೆ: ಈ ಇಳಿತ ಋತುವಿನದೋ, ಅಂಗಡಿಯೇ ಇಳಿಯುತ್ತಿದೆಯೋ ಎಂದು. "ಹಳೆಯ ಬಿಲ್ಲಿನಿಂದ ಮೊದಲ್ಗೊಂಡು" ಎಂಬ ಮಾತನ್ನು ಬಿಡಬೇಡಿ; ಅದಿಲ್ಲದೆ ಕೊಟ್ಟ ₹15,000ವನ್ನು ಹೊಸ ಬಿಲ್ಲಿಗೆ ಜಮೆ ಮಾಡಿ, ಜೂನಿನ ಬಿಲ್ಲು ಬಾಕಿಯಿದೆ ಎಂದು ಪಾರ್ಸೆಲ್ಲು ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ. ಮಾಲು ನಿಲ್ಲಿಸುವ ಹಕ್ಕನ್ನು ನೀವೇ ಕೊಡುವುದು ಕೆಲವರಿಗೆ ವಿಚಿತ್ರವೆನಿಸುತ್ತದೆ. ಆ ಹಕ್ಕು ಅವರಿಗೆ ಹೇಗೂ ಇದೆ. ನೀವೇ ಬರೆದಾಗ ಅದು "ಒಂದು ತಾರೀಖು ತಪ್ಪಿದರೆ, ಆ ಹಣ ಬರುವವರೆಗೆ" ಎಂಬ ಮಿತಿಯೊಳಗೆ ಬರುತ್ತದೆ.

45 ದಿನಕ್ಕಿಂತ ಹೆಚ್ಚು ಉದ್ರಿ ಕಾನೂನಿಗೆ ವಿರುದ್ಧ ಎನ್ನುತ್ತಾರಲ್ಲ?

ಅದು ಮಾಲು ಕೊಡುವವರು ಯಾರು ಎಂಬುದರ ಮೇಲೆ ನಿಂತಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ 15ನೇ ಕಲಮಿನ ಪ್ರಕಾರ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಕೊಂಡವರು ಒಪ್ಪಿದ ದಿನದೊಳಗೆ ಹಣ ಕೊಡಬೇಕು, ಆ ಒಪ್ಪಂದ ಮಾಲು ಸ್ವೀಕರಿಸಿದ ದಿನದಿಂದ 45 ದಿನ ಮೀರುವಂತಿಲ್ಲ. ಬರಹದ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ.

ಆದರೆ ಕಂಪನಿಯ ಮಾಲನ್ನು ತಂದು ಮಾರುವ ಡಿಸ್ಟ್ರಿಬ್ಯೂಟರು ವ್ಯಾಪಾರಿ. 2021ರ ಜುಲೈನಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ತೆರೆದಾಗ, ಅವರಿಗೆ ಸಿಗುವ ಲಾಭ ಬ್ಯಾಂಕುಗಳ ಆದ್ಯತಾ ಸಾಲಕ್ಕೆ ಮಾತ್ರ ಸೀಮಿತ ಎಂದು ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ಆದ್ದರಿಂದ ನಮ್ಮ ಉದಾಹರಣೆಯ ಡಿಸ್ಟ್ರಿಬ್ಯೂಟರಿಗೆ ಇಂಥ ಪತ್ರ ಬರೆಯಲು ಅಡ್ಡಿಯಿಲ್ಲ. ನೀವು ವ್ಯಾಕ್ಸನ್ನೋ ಮೆಹಂದಿಯನ್ನೋ ಅದನ್ನು ತಾವೇ ತಯಾರಿಸುವ ಸಣ್ಣ ಘಟಕದಿಂದ ನೇರವಾಗಿ ತರಿಸುತ್ತಿದ್ದರೆ ಲೆಕ್ಕ ಬೇರೆ: ಅಲ್ಲಿ 45 ದಿನಕ್ಕಿಂತ ಹೆಚ್ಚು ಕೇಳಬೇಡಿ, ಅವರು ಒಪ್ಪಿದರೂ ಆ ಒಪ್ಪಿಗೆ ಕಾಯ್ದೆಯ ಎದುರು ನಿಲ್ಲುವುದಿಲ್ಲ. ಅಂಥವರ ಬಿಲ್ಲನ್ನು ಮೊದಲು ತೀರಿಸಿ, ದೊಡ್ಡ ಡಿಸ್ಟ್ರಿಬ್ಯೂಟರ ಹತ್ತಿರ ವಾಯಿದೆ ಕೇಳುವುದೇ ಸರಿ. ಮಾಲು ಕೊಡುವವರು ಯಾವ ಬಗೆಯವರು ಎಂಬುದು ಅವರ ಉದ್ಯಮ್ ಪ್ರಮಾಣಪತ್ರದಲ್ಲಿ ಬರೆದಿರುತ್ತದೆ, ಕೇಳಿದರೆ ಪ್ರತಿ ಕಳಿಸುತ್ತಾರೆ.

ಜಿಎಸ್‌ಟಿಯ 180 ದಿನದ ನಿಯಮಕ್ಕೆ ನಾನು ಹೆದರಬೇಕೇ?

ಬಿಲ್ಲಿನ ದಿನದಿಂದ 180 ದಿನದೊಳಗೆ ಹಣ ಕೊಡದಿದ್ದರೆ ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು ಬಡ್ಡಿ ಸಹಿತ ಹಿಂತಿರುಗಿಸಬೇಕು ಎಂಬುದು ನಿಯಮ. ಆದರೆ 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಗೆ ತೆರಿಗೆ ಶೇಕಡಾ 18ರಿಂದ 5ಕ್ಕೆ ಇಳಿದು, ಇನ್‌ಪುಟ್ ಕ್ರೆಡಿಟ್ ಸೌಲಭ್ಯ ಹೋಗಿದೆ. ಪಡೆಯದ ಕ್ರೆಡಿಟ್ಟನ್ನು ಹಿಂತಿರುಗಿಸುವ ಪ್ರಶ್ನೆಯಿಲ್ಲ. ಇದರ ಇನ್ನೊಂದು ಮುಖ ಮಾತ್ರ ನೆನಪಿರಲಿ: ಹೇರ್ ಕಲರಿನ ಬಿಲ್ಲಿನಲ್ಲಿರುವ ಶೇಕಡಾ 18 ತೆರಿಗೆ ಈಗ ಪೂರ್ತಿ ನಿಮ್ಮ ಖರ್ಚು, ಆದ್ದರಿಂದ ಮೇಲಿನ ₹30,000ವನ್ನು ತೆರಿಗೆ ಸೇರಿಸಿಯೇ ಹಿಡಿಯಬೇಕು.

ಮುಂದಿನ ತಾರೀಖಿನ ಚೆಕ್ಕು ಕೊಡಿ ಎಂದು ಕೇಳಿದರೆ?

ಕೊಡಬಹುದು, ಎಚ್ಚರದಿಂದ. ನಾವು ಅಕ್ಟೋಬರ್, ನವೆಂಬರ್, ಡಿಸೆಂಬರಿನ ಮೂರು ಕಂತುಗಳಿಗೆ ಮಾತ್ರ ಚೆಕ್ಕು ಕೊಟ್ಟೆವು. ಮೊದಲ ಮೂರನ್ನು ಬ್ಯಾಂಕಿನಿಂದ ನೇರ ಕಳಿಸುವುದಾಗಿ ಹೇಳಿದೆವು. ಪ್ರತಿ ಚೆಕ್ಕಿಗೂ ಹೆಸರು, ಮೊತ್ತ, ತಾರೀಖು ತುಂಬಿ, ಚೆಕ್ಕಿನ ನಂಬರನ್ನು ಪತ್ರದ ಪ್ರತಿಯಲ್ಲಿ ಬರೆದುಕೊಳ್ಳಿ. ಬರೀ ಸಹಿ ಮಾಡಿದ ಖಾಲಿ ಚೆಕ್ಕನ್ನು ಯಾರಿಗೂ ಕೊಡಬೇಡಿ: ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಟ್ಟವರ ಮೇಲೂ ಸಾಲವಿದೆ ಎಂಬ ಕಾನೂನಿನ ಊಹೆ ನಿಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ, ಅದು ಸುಳ್ಳೆಂದು ತೋರಿಸುವ ಹೊಣೆ ಸಹಿ ಮಾಡಿದವರ ಮೇಲೆಯೇ ಬೀಳುತ್ತದೆ.

ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ವಾಪಸಾದರೆ ಅದು ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕೆಳಗೆ ಅಪರಾಧದ ದಾರಿ ಹಿಡಿಯುತ್ತದೆ. ವಾಪಸಾದ ಸುದ್ದಿ ತಿಳಿದ 30 ದಿನದೊಳಗೆ ಅವರು ನೋಟಿಸು ಕೊಡಬೇಕು, ನೋಟಿಸು ಕೈಸೇರಿದ 15 ದಿನದೊಳಗೆ ನೀವು ಹಣ ಕೊಟ್ಟರೆ ವಿಷಯ ಅಲ್ಲಿಗೆ ಮುಗಿಯುತ್ತದೆ. ಯಾವುದೋ ಕಂತನ್ನು ಮೊದಲೇ ಫೋನ್‌ನಿಂದ ಕಳಿಸಿದರೆ ಅದರ ಚೆಕ್ಕನ್ನು ಅಂದೇ ವಾಪಸು ತರಿಸಿಕೊಳ್ಳಿ. ಡ್ರಾಯರಿನಲ್ಲಿ ಮರೆತುಹೋದ ಚೆಕ್ಕು ಹೊಸ ಕ್ಯಾಶಿಯರ ಕೈಗೆ ಸಿಕ್ಕಿ ಬ್ಯಾಂಕಿಗೆ ಹೋಗುವುದು ಅಪರೂಪವೇನಲ್ಲ.

ಬಡ್ಡಿ ಕೊಡುತ್ತೇನೆ ಎಂದು ನಾನೇ ಬರೆಯಲೇ?

ಬರೆಯಬೇಡಿ, ಆದರೆ ಲೆಕ್ಕ ಮಾಡಿ ಇಟ್ಟುಕೊಳ್ಳಿ. ಮೇಲಿನ ಎಲ್ಲ ಕಂತುಗಳಲ್ಲಿ ಹಳೆಯ ವಾಯಿದೆ ಮೀರುವ ದಿನಗಳಿಗೆ ವರ್ಷಕ್ಕೆ ಶೇಕಡಾ 12ರಂತೆ ಬಡ್ಡಿ ಹಾಕಿದರೆ ಒಟ್ಟು ಸುಮಾರು ₹2,200 ಆಗುತ್ತದೆ. ಡಿಸ್ಟ್ರಿಬ್ಯೂಟರು ಕಂಪನಿಗೆ ತೆರಿಗೆ ಸಹಿತ ಹಣ ಕಟ್ಟಿ ಮಾಲು ತಂದಿರುತ್ತಾರೆ, ನಿಮ್ಮಿಂದ ಹಣ ಬಂದಿರಲಿ ಬಾರದಿರಲಿ ನಿಮಗೆ ಮಾಡಿದ ಬಿಲ್ಲಿನ ಜಿಎಸ್‌ಟಿಯನ್ನು ಮುಂದಿನ ತಿಂಗಳೇ ಲೆಕ್ಕಕ್ಕೆ ತೋರಿಸಬೇಕಾಗುತ್ತದೆ. ಹಾಗಾಗಿ ಅವರು ಬಡ್ಡಿ ಕೇಳಿದರೆ ಅನ್ಯಾಯವೆಂದು ಸಿಟ್ಟಾಗುವಂತಿಲ್ಲ. ಕೇಳಿದಾಗ ₹2,200ರ ಆಸುಪಾಸಿನಲ್ಲಿ ಒಪ್ಪಿ. ತಿಂಗಳಿಗೆ ಶೇಕಡಾ 2 ಅಥವಾ 3 ಎಂದರೆ ಒಪ್ಪುವುದಕ್ಕಿಂತ ಬ್ಯಾಂಕಿನ ಓವರ್‌ಡ್ರಾಫ್ಟೇ ಅಗ್ಗ.

ಅವರು ಒಪ್ಪದಿದ್ದರೆ, ಅಥವಾ ಉತ್ತರವನ್ನೇ ಕೊಡದಿದ್ದರೆ?

ಉತ್ತರ ಬಾರದಿರುವುದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಸೇಲ್ಸ್‌ಮನ್ "ಆಗಲಿ ಬಿಡ್ರಿ ಅಕ್ಕಾರ" ಎಂದರೂ ಅದು ಮಾಲೀಕರ ಮಾತಲ್ಲ. ವಾಟ್ಸಾಪಿನಲ್ಲಾದರೂ ಮಾಲೀಕರಿಂದ "ಒಪ್ಪಿದೆ" ಎಂಬ ಬರಹ ತರಿಸಿಕೊಳ್ಳಿ.

ಪೂರ್ತಿ ಒಪ್ಪದವರು ಹೆಚ್ಚಾಗಿ ಅರ್ಧ ಒಪ್ಪುತ್ತಾರೆ. ಆಗ ಬಿಟ್ಟುಕೊಡಬೇಕಾದದ್ದು ಬಾಕಿಯ ಮಿತಿಯನ್ನು, ತಾರೀಖುಗಳನ್ನಲ್ಲ: ಒಂದು ಲಕ್ಷದ ಬದಲು ₹80,000 ಎಂದರೆ ತಿಂಗಳಿಗೆ ₹30,000ದ ಬದಲು ₹24,000ದ ಮಾಲು ತರಿಸಿ. ಅದಕ್ಕೆ ಕಪಾಟು ತೆರೆದು ನೋಡಬೇಕು. ಸೀಸನ್ನಿಗೆಂದು ತರಿಸಿ ಸೀಲು ಒಡೆಯದೆ ಉಳಿದ ಮದುಮಗಳ ಫೇಶಿಯಲ್ ಕಿಟ್ಟುಗಳು, ಯಾರೂ ಕೇಳದ ಶೇಡಿನ ಕಲರ್ ಟ್ಯೂಬುಗಳು ಅಲ್ಲಿರುತ್ತವೆ. ಅವಧಿ ಮುಗಿಯಲು ಆರು ತಿಂಗಳಿಗಿಂತ ಹೆಚ್ಚು ಇದ್ದರೆ ಅನೇಕ ಡಿಸ್ಟ್ರಿಬ್ಯೂಟರು ವಾಪಸು ಪಡೆದು ಕ್ರೆಡಿಟ್ ನೋಟು ಕೊಡುತ್ತಾರೆ. ಎರಡೇ ತಿಂಗಳು ಉಳಿದದ್ದನ್ನು ಯಾರೂ ಮುಟ್ಟುವುದಿಲ್ಲ. ನಮ್ಮ ಸಲೂನಿನ ಕಪಾಟಿನಲ್ಲಿ ಹೀಗೆ ₹6,400ರ ಮಾಲು ಸಿಕ್ಕಿತು.

ಒಪ್ಪಿಗೆ ಸಿಕ್ಕ ಮೇಲೂ ಒಂದು ಕಂತು ಕೊಡಲಾಗದಿದ್ದರೆ?

ಆ ವರ್ಷ ಸೆಪ್ಟೆಂಬರಿನಲ್ಲಿ ಹಾಗೆಯೇ ಆಯಿತು. ಎಸಿ ಕೆಟ್ಟು ರಿಪೇರಿಗೆ ಹಣ ಹೋಗಿ, 10ಕ್ಕೆ ₹15,000ದ ಬದಲು ₹9,000 ಮಾತ್ರ ಕೈಯಲ್ಲಿತ್ತು. 7ನೇ ತಾರೀಖಿಗೇ ಅದು ಗೊತ್ತಾಗಿದ್ದರಿಂದ ಅಂದೇ ಎರಡು ಸಾಲು ಬರೆದು ಕಳಿಸಿದರು: 10ಕ್ಕೆ ₹9,000 ಬರುತ್ತದೆ, ಉಳಿದ ₹6,000 ಅಕ್ಟೋಬರ್ 10ರ ಕಂತಿನೊಡನೆ ಸೇರಿ ₹29,000 ಆಗಿ ಬರುತ್ತದೆ, ಅಲ್ಲಿಯವರೆಗೆ ಹೊಸ ಮಾಲು ಬೇಡ. ಅಕ್ಟೋಬರಿನ ಚೆಕ್ಕು ₹23,000ಕ್ಕೇ ಇದ್ದುದರಿಂದ ₹6,000ವನ್ನು ಬೇರೆಯಾಗಿ ಕಳಿಸಿದರು, ಅದಾದ ಮರುದಿನ, 11ಕ್ಕೆ, ದಸರೆಯ ಮಾಲಿನ ಪಾರ್ಸೆಲ್ಲು ಬೆಳಗಾವಿಯಿಂದ ಹೊರಟಿತು.